ವ್ಯಾಟಿಗೆ ಎಷ್ಟು ಎಂದು ಕೇಳುವ ಮೊದಲು

ಮಾಳಿಗೆಗೆ ಸೋಲಾರ್ ಹಾಕಿಸಬೇಕೆಂದು ಬಂಟ್ವಾಳ ಕಡೆಯ ಓದುಗರೊಬ್ಬರು ಮೂರು ಕೊಟೇಶನ್ ತರಿಸಿ, ‘ಇದರಲ್ಲಿ ಯಾವುದು ಒಳ್ಳೆಯದು, ನೀವೇ ಹೇಳಿ’ ಎಂದು ಕಳಿಸಿದ್ದಾರೆ. ಒಂದು ಬಿ.ಸಿ. ರೋಡಿನದ್ದು, ಒಂದು ಬೆಳ್ತಂಗಡಿಯದ್ದು, ಇನ್ನೊಂದು ಮೂಡುಬಿದಿರೆಯದ್ದು. ಮೂರೂ 3 ಕಿಲೋವ್ಯಾಟಿನವು. ಮನೆಗೆ ಹಂಚಿನ ಮಾಡು, ಸುತ್ತ ಅಡಿಕೆ ಮರದ ನೆರಳು. ಹಾಗಾಗಿ ಪ್ಯಾನೆಲ್ ಕೂರುವುದು ಮನೆಯಿಂದ 45 ಮೀಟರ್ ದೂರದ ಕೊಟ್ಟಿಗೆಯ ತಾರಸಿಯ ಮೇಲೆ. ಈ 45 ಮೀಟರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿ.ಸಿ. ರೋಡಿನವರದ್ದು 1,72,000 ರೂಪಾಯಿ. 550 ವ್ಯಾಟಿನ ಆರು ಪ್ಯಾನೆಲ್, ಅಂದರೆ ವ್ಯಾಟಿಗೆ 52 ರೂಪಾಯಿ. ಬೆಳ್ತಂಗಡಿಯವರದ್ದು 540 ವ್ಯಾಟಿನ ಆರು ಪ್ಯಾನೆಲಿಗೆ 1,92,000, ವ್ಯಾಟಿಗೆ 59. ಮೂಡುಬಿದಿರೆಯವರದ್ದು ಅಷ್ಟೇ ಪ್ಯಾನೆಲಿಗೆ 2,15,000, ವ್ಯಾಟಿಗೆ 66. ‘ಅಕ್ಕಾ, ಇದಕ್ಕಿಂತ ಕಡಿಮೆಗೆ ಯಾರೂ ಕೊಡುವುದಿಲ್ಲ, ಬೇಕಾದರೆ ಕೇಳಿ ನೋಡಿ’ ಎಂದು ಮೊದಲನೆಯವರು ಹೇಳಿದ್ದರಂತೆ. ಆ ಕಡಿಮೆ ಬಂದದ್ದು ಎಲ್ಲಿಂದ ಎಂದು ಹುಡುಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಬ್ರಾಂಡ್. ಬಿ.ಸಿ. ರೋಡಿನ ಕಾಗದದಲ್ಲಿ ಎರಡು ಕಂಪನಿಯ ಹೆಸರು ಬರೆದು ‘ಅಥವಾ ತತ್ಸಮಾನ, ಟೈರ್ 1’ ಎಂದಿದೆ. ‘ತತ್ಸಮಾನ’ ಎಂದರೆ ಅವರ ಕೈಗೆ ಸಿಕ್ಕಿದ್ದು ಎಂದೇ ಅರ್ಥ. ಟೈರ್ 1 ಎಂಬುದು ಬ್ಯಾಂಕುಗಳು ಸಾಲ ಕೊಡಲು ಯಾವ ಕಂಪನಿಯನ್ನು ನಂಬುತ್ತವೆ ಎಂಬುದರ ಪಟ್ಟಿಯೇ ಹೊರತು ಪ್ಯಾನೆಲಿನ ಗುಣಮಟ್ಟದ ಪರೀಕ್ಷೆಯಲ್ಲ. ಇದಕ್ಕಿಂತ ಮುಖ್ಯ, ಆ ಕಾಗದದಲ್ಲಿ ‘ಡಿಸಿಆರ್’ ಎಂಬ ಮೂರಕ್ಷರ ಇಲ್ಲ. ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 3 ಕಿಲೋವ್ಯಾಟಿಗೆ 78,000 ರೂಪಾಯಿ. ಅದು ಸಿಗಬೇಕಾದರೆ ಪ್ಯಾನೆಲ್ ಮಾತ್ರವಲ್ಲ, ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಅಂಥ ಪ್ಯಾನೆಲಿಗೆ ಡಿಸಿಆರ್ ಎನ್ನುತ್ತಾರೆ, ಅದಕ್ಕೆ ಬೆಲೆಯೂ ಹೆಚ್ಚು. ಫೋನ್ ಮಾಡಿ ಕೇಳಿದಾಗ, ‘ಡಿಸಿಆರ್ ಬೇಕಾದರೆ 21,000 ಜಾಸ್ತಿ ಆಗ್ತದೆ’ ಎಂದರಂತೆ. ಕೇಳದಿದ್ದರೆ ವ್ಯಾಟಿಗೆ ಏಳು ರೂಪಾಯಿ ಉಳಿಸಲು ಹೋಗಿ ಎಪ್ಪತ್ತೆಂಟು ಸಾವಿರ ಕಳೆದುಕೊಳ್ಳುವ ಲೆಕ್ಕ.

ಎರಡನೆಯದು ಪ್ಯಾನೆಲ್ ಕೂರುವ ಕಬ್ಬಿಣದ ಚೌಕಟ್ಟು, ಇವರು ಸ್ಟ್ರಕ್ಚರ್ ಎನ್ನುವುದು. ಮೊದಲನೆಯವರದ್ದು ‘ಜಿಐ, 120 ಜಿಎಸ್‌ಎಂ’. ಉಳಿದ ಇಬ್ಬರದ್ದು ‘ಹಾಟ್ ಡಿಪ್, 80 ಮೈಕ್ರಾನ್’. ನೋಡಿದ ಕೂಡಲೇ 120 ದೊಡ್ಡದು, 80 ಸಣ್ಣದು ಅನಿಸುತ್ತದೆ ಅಲ್ವಾ? ಆದರೆ ಎರಡೂ ಬೇರೆ ಬೇರೆ ಅಳತೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ತಗಡಿನ ಮೇಲೆ ಎಷ್ಟು ಗ್ರಾಂ ಸತು ಇದೆ ಎಂಬ ತೂಕ, ಅದೂ ಎರಡು ಬದಿ ಸೇರಿ. 120ನ್ನು ಎರಡು ಬದಿಗೆ ಹಂಚಿದರೆ ಒಂದೊಂದು ಬದಿಗೆ 60 ಗ್ರಾಂ. ದಪ್ಪ ಲೆಕ್ಕ ಹಾಕಿದರೆ ಎಂಟು ಮೈಕ್ರಾನ್ ಆಸುಪಾಸು. ಅಂದರೆ ಇನ್ನೊಬ್ಬರು ಕೊಡುವ ಸತುವಿನ ಹತ್ತನೇ ಒಂದು ಪಾಲು. ತಗಡಿಗೆ ಮೊದಲೇ ಸತು ಹಚ್ಚಿ, ಆಮೇಲೆ ಕತ್ತರಿಸಿ ತೂತು ಕೊರೆದರೆ ಆ ಅಂಚುಗಳಲ್ಲಿ ಬರೀ ಕಬ್ಬಿಣ. ಹಾಟ್ ಡಿಪ್ ಎಂದರೆ ಕತ್ತರಿಸಿ, ಬೆಸೆದು, ತೂತು ಕೊರೆದಾದ ಮೇಲೆ ಇಡೀ ಚೌಕಟ್ಟನ್ನು ಕರಗಿದ ಸತುವಿನಲ್ಲಿ ಮುಳುಗಿಸುವುದು. ನಮ್ಮಲ್ಲಿ ನಾಲ್ಕು ತಿಂಗಳು ಮಳೆ, ಮಳೆಯಿಲ್ಲದಾಗಲೂ ಗಾಳಿಯಲ್ಲಿ ತೇವ. ಹಾಗಾಗಿ ತುಕ್ಕು ಶುರುವಾಗುವುದು ಆ ಕತ್ತರಿಸಿದ ಅಂಚಿನಿಂದಲೇ.

ತಾರಸಿಗೆ ತಂದ ಮೇಲೆ ವೆಲ್ಡಿಂಗ್ ಮಾಡಿ ಬೆಳ್ಳಿ ಬಣ್ಣ ಬಳಿದರೆ ಹಾಟ್ ಡಿಪ್ ಆಗಿದ್ದೂ ಪ್ರಯೋಜನವಿಲ್ಲ. ಬರೀ ಬೋಲ್ಟಿನಿಂದ ಜೋಡಿಸಬೇಕು ಎಂದು ಬರೆಸಿಕೊಳ್ಳಿ. ಬೋಲ್ಟು ಸ್ಟೇನ್‌ಲೆಸ್ 304 ಎಂದಿದ್ದರೆ ಒಂದು ಅಯಸ್ಕಾಂತ ಹಿಡಿದು ನೋಡಿ, ಹೆಚ್ಚೆಂದರೆ ತುಸು ಸೆಳೆದೀತು. ಗಟ್ಟಿಯಾಗಿ ಅಂಟಿಕೊಂಡರೆ ಅದು ಸ್ಟೇನ್‌ಲೆಸ್ 304 ಅಲ್ಲ.

ಮೂರನೆಯದು ವೈರು. ಇನ್ವರ್ಟರ್ ಕೊಟ್ಟಿಗೆಯಲ್ಲಿ, ಮೀಟರ್ ಮನೆಯಲ್ಲಿ. ನಡುವಿನ 45 ಮೀಟರಿಗೆ ಮೊದಲನೆಯವರು 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ ಬರೆದಿದ್ದಾರೆ. ಮಧ್ಯಾಹ್ನದ ಬಿಸಿಲಿಗೆ 3 ಕಿಲೋವ್ಯಾಟ್ ಬಂದರೆ ಅದರಲ್ಲಿ 13 ಆಂಪಿಯರ್ ಹರಿಯುತ್ತದೆ. ಹೋಗುವ, ಬರುವ ತಂತಿ ಸೇರಿ 90 ಮೀಟರಿನಲ್ಲಿ ಸುಮಾರು 9 ವೋಲ್ಟ್ ನಷ್ಟ. 6 ಚದರ ಮಿಲಿಮೀಟರಿನ ತಾಮ್ರವಾದರೆ 4 ವೋಲ್ಟಿಗೂ ಕಡಿಮೆ. ‘ಐದು ವೋಲ್ಟಿನಲ್ಲಿ ಎಂತ ಹೋಯ್ತು?’ ಎನ್ನಬೇಡಿ. ಕರೆಂಟನ್ನು ಮನೆಯ ಕಡೆಗೆ ತಳ್ಳಬೇಕಾದರೆ ಇನ್ವರ್ಟರ್ ತನ್ನ ಕಡೆಯ ವೋಲ್ಟೇಜನ್ನು ಆ 9ರಷ್ಟು ಏರಿಸಿಕೊಳ್ಳಲೇಬೇಕು. ಮೆಸ್ಕಾಂ ಲೈನಿನಲ್ಲಿ ಆಗ 246 ಇದ್ದರೆ ಇನ್ವರ್ಟರಿನ ಹತ್ತಿರ 255 ಆಯಿತು. 253 ದಾಟಿದರೆ ಇನ್ವರ್ಟರ್ ಲೈನಿನಿಂದ ಕಳಚಿಕೊಳ್ಳಬೇಕೆಂಬುದು ನಿಯಮ. ಒಳ್ಳೆಯ ಬಿಸಿಲಿರುವಾಗಲೇ ಅದು ನಿಂತು ನಿಂತು ಹೊರಡುತ್ತದೆ, ಯೂನಿಟ್ ಯಾಕೆ ಕಡಿಮೆ ಎಂದು ನಾವು ಪ್ಯಾನೆಲನ್ನು ಬೈಯುತ್ತೇವೆ. ಕೊಟೇಶನ್ ಒಪ್ಪುವ ಮೊದಲೇ ಹನ್ನೆರಡರಿಂದ ಎರಡು ಗಂಟೆಯ ಒಳಗೆ ನಾಲ್ಕೈದು ದಿನ ಮೀಟರಿನ ಹತ್ತಿರ ವೋಲ್ಟೇಜ್ ಅಳೆಸಿ ಬರೆದಿಡಿ. ಅದು 245ರ ಆಸುಪಾಸಿನಲ್ಲಿದ್ದರೆ ದಪ್ಪ ತಾಮ್ರವೇ ಬೇಕು.

ಬೆಳ್ತಂಗಡಿಯವರು ತಾಮ್ರವನ್ನೇ ಬರೆದಿದ್ದಾರೆ, ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ‘20 ಮೀಟರ್‌ವರೆಗೆ ಮಾತ್ರ’ ಎಂದಿದೆ. ಉಳಿದ 25 ಮೀಟರಿಗೆ ಮೀಟರಿಗೆ 260 ರೂಪಾಯಿಯಂತೆ 6,500 ಬೇರೆ.

ಇನ್ನು ವಾರಂಟಿ. ಮೂರರಲ್ಲೂ ‘25 ವರ್ಷ’ ದಪ್ಪಕ್ಷರದಲ್ಲಿದೆ. ಅದು ಪ್ಯಾನೆಲ್ ಎಷ್ಟು ಕರೆಂಟ್ ಕೊಡುತ್ತದೆ ಎಂಬುದರ ವಾರಂಟಿ. ಗಾಜಿನ ಒಳಗೆ ನೀರು ಇಳಿದರೆ, ಹಿಂದಿನ ಪೆಟ್ಟಿಗೆ ಸುಟ್ಟರೆ ಅನ್ವಯಿಸುವುದು ವಸ್ತುವಿನ ವಾರಂಟಿ. ಇವರಿಗೆ ಬಂದ ಕಾಗದಗಳಲ್ಲಿ ಅದು 12 ವರ್ಷ. ಇನ್ವರ್ಟರಿಗೆ ಮೊದಲ ಇಬ್ಬರದ್ದು 5 ವರ್ಷ, ಮೂಡುಬಿದಿರೆಯವರದ್ದು 10. ಅವರ ಹೆಚ್ಚಿನ ಬೆಲೆಗೆ ಒಂದು ಕಾರಣ ಅದೇ. ಆದರೆ ಅವರೇ ಕೆಲಸಕ್ಕೆ ಒಂದೇ ವರ್ಷದ ಹೊಣೆ ಬರೆದಿದ್ದಾರೆ. ಸೂರ್ಯಘರ್ ಯೋಜನೆಯಲ್ಲಿ ಹಾಕಿದವರೇ 5 ವರ್ಷ ನಿರ್ವಹಣೆ ಮಾಡಬೇಕು, ಹಾಗಾಗಿ ಅದನ್ನು ತಿದ್ದಿಸಬೇಕು. ಪ್ಯಾನೆಲ್ ಬದಲಿಸುವಾಗ ಇಳಿಸಿ ಏರಿಸುವ ಕೂಲಿ, ಸಾಗಾಟ ಯಾರದ್ದು ಎಂದೂ ಕೇಳಿ. ಸಿಡಿಲಿಗೆ ಸಾಮಾನ್ಯವಾಗಿ ಯಾವ ವಾರಂಟಿಯೂ ಇಲ್ಲ. ಘಟ್ಟದ ಬುಡದ ಬೆಳ್ತಂಗಡಿ ಕಡೆ ಏಪ್ರಿಲ್, ಮೇ ಸಂಜೆಗಳು ಹೇಗಿರುತ್ತವೆ ಎಂದು ನಾನು ಹೇಳಬೇಕಾಗಿಲ್ಲ. ಸರ್ಜ್ ಪ್ರೊಟೆಕ್ಟರ್ ಮತ್ತು ಅರ್ಥಿಂಗ್ ಎಷ್ಟು ಎಂಬುದೂ ಕಾಗದದಲ್ಲಿರಲಿ.

ಈಗ ಕೂಡಿಸಿ ನೋಡೋಣ. ಬಿ.ಸಿ. ರೋಡಿನವರ 1,72,000ಕ್ಕೆ ಡಿಸಿಆರ್ 21,000, ಹಾಟ್ ಡಿಪ್ ಸ್ಟ್ರಕ್ಚರಿಗೆ ಅವರೇ ಹೇಳಿದ 8,000, ತಾಮ್ರದ ಕೇಬಲಿಗೆ 6,000 ಸೇರಿ 2,07,000. ವ್ಯಾಟಿಗೆ 63 ಹತ್ತಿರ. ಬೆಳ್ತಂಗಡಿಯವರದ್ದು ಕೇಬಲ್ ಸೇರಿ 1,98,500, ವ್ಯಾಟಿಗೆ 61. ಸಬ್ಸಿಡಿ ಕಳೆದರೆ 1,20,500. ಅತಿ ಅಗ್ಗ ಎಂದು ತೋರಿದ್ದು ಈಗ ಎರಡನೆಯ ಸ್ಥಾನಕ್ಕೆ ಹೋಯಿತು. ಮೂಡುಬಿದಿರೆಯವರಿಗೆ 16,500 ಹೆಚ್ಚು ಕೊಟ್ಟರೆ ಮುಖ್ಯವಾಗಿ ಸಿಗುವುದು ಇನ್ವರ್ಟರಿಗೆ ಇನ್ನೈದು ವರ್ಷದ ವಾರಂಟಿ. ಅದೇ ಐದು ವರ್ಷವನ್ನು ಬೆಳ್ತಂಗಡಿಯವರ ಇನ್ವರ್ಟರ್ ಕಂಪನಿ ಎಷ್ಟಕ್ಕೆ ಕೊಡುತ್ತದೆ ಎಂದು ಕೇಳಿ, ಆಮೇಲೆ ತೀರ್ಮಾನಿಸಿ ಎಂದು ಓದುಗರಿಗೆ ಬರೆದಿದ್ದೇನೆ.

ನಿಮ್ಮ ಮನೆಯ ಲೆಕ್ಕ ಬೇರೆ ಬರಬಹುದು. ತಾರಸಿ ಮನೆಯ ಮೇಲೇ ಇದ್ದರೆ ಕೇಬಲಿನ ತಲೆನೋವು ಬಹಳ ಕಡಿಮೆ. ಆದರೆ ಅಡ್ವಾನ್ಸ್ ಕೊಡುವ ಮೊದಲು ಪ್ಯಾನೆಲಿನ ಕಂಪನಿ ಮತ್ತು ಮಾಡೆಲ್, ಡಿಸಿಆರ್, ಸತುವಿನ ಮೈಕ್ರಾನ್, ಕೇಬಲಿನ ಲೋಹ, ದಪ್ಪ ಮತ್ತು ಉದ್ದ, ಇಷ್ಟನ್ನು ಮೂವರಿಂದಲೂ ಒಂದೇ ರೀತಿ ಬರೆಸಿಕೊಳ್ಳಿ. ವ್ಯಾಟಿಗೆ ಎಷ್ಟು ಎಂಬ ಪ್ರಶ್ನೆಗೆ ಅರ್ಥ ಬರುವುದು ಆಮೇಲೆಯೇ.