ಪಟ್ಟಿಯಲ್ಲಿ ಹೆಸರಿದೆಯೇ? ಊರಿಗೆ ಬಸ್ಸಿದೆಯೇ?



2018ರ ವಿಧಾನಸಭಾ ಚುನಾವಣೆಯಲ್ಲಿ ಕುಂದಗೋಳ ಕ್ಷೇತ್ರದ ಸೋಲು ಗೆಲುವು ತೀರ್ಮಾನವಾದದ್ದು ಕೇವಲ 634 ಮತಗಳಲ್ಲಿ. ಮರುವರ್ಷ ಅಲ್ಲೇ ಉಪಚುನಾವಣೆ ನಡೆದಾಗ ಅಂತರ 1,601. ಗೆದ್ದವರು ಯಾರು, ಸೋತವರು ಯಾರು ಎಂಬುದು ಈ ಬರಹದ ವಿಷಯವಲ್ಲ. ಯಾವ ಪಕ್ಷದ ಬಾವುಟವನ್ನೂ ನಾವು ಹೊತ್ತಿಲ್ಲ. ನಾವು ಕೇಳುವುದು ಇಷ್ಟೇ: ಅಂದು ಬೆಂಗಳೂರಿನ ಪೀಣ್ಯದಲ್ಲೋ ಹುಬ್ಬಳ್ಳಿಯ ಅಂಗಡಿಯಲ್ಲೋ ದುಡಿಯುತ್ತಾ ಕುಳಿತಿದ್ದ ಕುಂದಗೋಳದ ಹುಡುಗರೆಷ್ಟು? 634ಕ್ಕಿಂತ ಕಡಿಮೆಯೇ?

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಹುಡುಗರು ಮತ ತಪ್ಪಿಸಿಕೊಳ್ಳುವುದು ಸೋಮಾರಿತನದಿಂದ ಮಾತ್ರವಲ್ಲ. ಎರಡು ಕಡೆ ಎಡವುತ್ತಾರೆ. ಒಂದು ಪಟ್ಟಿ. ಇನ್ನೊಂದು ದಾರಿ.

ಮೊದಲು ಪಟ್ಟಿ. ಜೇಬಿನಲ್ಲಿ ಗುರುತಿನ ಚೀಟಿ ಇದ್ದರೆ ಸಾಕು ಎಂದು ನಂಬಿದವರು ಬಹಳ. ಸಾಲದು! ಮತಗಟ್ಟೆಯಲ್ಲಿ ನಡೆಯುವುದು ಪಟ್ಟಿ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಕಳೆದಿದ್ದರೆ ಆಧಾರ್, ಚಾಲನಾ ಪರವಾನಗಿ, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್, ಉದ್ಯೋಗ ಖಾತ್ರಿ ಕಾರ್ಡ್ ಇಂಥ ಯಾವುದಾದರೂ ಒಂದನ್ನು ತೋರಿಸಿ ಮತ ಹಾಕಬಹುದು. ಚೀಟಿ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾರೂ ಏನೂ ಮಾಡಲಾರರು.

electoralsearch.eci.gov.in ಎಂಬ ತಾಣದಲ್ಲಿ ಹೆಸರು ಹುಡುಕಬಹುದು. ಇಲ್ಲಿಯೇ ನಮ್ಮ ಭಾಷೆಯ ಪ್ರಶ್ನೆ ಏಳುತ್ತದೆ. ಅರ್ಜಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ತುಂಬಿದರೆ ಕನ್ನಡದ ಹೆಸರನ್ನು ಯಂತ್ರ ತಾನೇ ಬರೆದುಕೊಳ್ಳುತ್ತದೆ. ಯಂತ್ರಕ್ಕೆ ಳಕಾರ ಲಕಾರದ ಭೇದ ಏನು ಗೊತ್ತು? ಕಳಸಣ್ಣವರ ಹೋಗಿ ಕಲಸನ್ನವರ ಆಗುತ್ತದೆ. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ತುಂಡು ಬರೆಯುತ್ತೇವೆ. ಅದರಲ್ಲಿ ಅಡ್ಡಹೆಸರು ಹಿಂದು ಮುಂದಾಗುತ್ತದೆ. ಹುಡುಗ ತನ್ನ ಹೆಸರನ್ನು ಸರಿಯಾಗಿ ಬರೆದು ಹುಡುಕುತ್ತಾನೆ, ಸಿಗುವುದಿಲ್ಲ. ಹೆಸರು ತೆಗೆದುಹಾಕಿದ್ದಾರೆ ಎಂದು ಸಿಟ್ಟಿಗೆದ್ದು ಹೊಸದಾಗಿ ನಮೂನೆ-6 ಹಾಕುತ್ತಾನೆ. ಈಗ ಎರಡು ಕಡೆ ಹೆಸರು! ಎರಡು ಕಡೆ ನೋಂದಣಿ ಕಾನೂನಿಗೆ ವಿರುದ್ಧ. ತಿಳಿದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಸೆರೆಮನೆ ಅಥವಾ ದಂಡ.

ಆದ್ದರಿಂದ ಹೆಸರಿನಿಂದ ಹುಡುಕಬೇಡಿ, ಗುರುತಿನ ಚೀಟಿಯ ಸಂಖ್ಯೆಯಿಂದ ಹುಡುಕಿ. ಸಂಖ್ಯೆಗೆ ಕಾಗುಣಿತದ ತಪ್ಪಿಲ್ಲ. ಸಿಕ್ಕ ಮೇಲೆ ಮೂರು ವಿವರ ಬರೆದಿಟ್ಟುಕೊಳ್ಳಿ: ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ಇರುವ ಶಾಲೆಯ ಹೆಸರು. ಅಪ್ಪ ಮತ ಹಾಕಿದ ಶಾಲೆಯೇ ನಿಮ್ಮದು ಎಂದು ತಿಳಿಯಬೇಡಿ. ಒಂದೇ ಊರಿಗೆ ಎರಡು ಮತಗಟ್ಟೆ ಇರುವುದುಂಟು. ಕಾಗುಣಿತ ತಪ್ಪಿದ್ದರೆ ನಮೂನೆ-8ರಲ್ಲಿ ತಿದ್ದಿಸಿ, ಕನ್ನಡದ ಅಂಕಣವನ್ನು ನೀವೇ ಓದಿ ನೋಡಿ. ತಿದ್ದಲು ಸಮಯವಿಲ್ಲವೇ? ಹೆದರಬೇಡಿ. ಗುರುತು ಖಚಿತವಾದರೆ ಸಣ್ಣ ಅಕ್ಷರ ದೋಷವನ್ನು ಲೆಕ್ಕಿಸಬಾರದು ಎಂದು ಆಯೋಗವೇ ಹೇಳಿದೆ.

ಹೆಸರು ನಿಜವಾಗಿಯೂ ಕಾಣೆಯಾಗುವುದೂ ಉಂಟು. 2023ರ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ಕೈಬಿಡುವಂತೆ 6,018 ಅರ್ಜಿಗಳು ನಮೂನೆ-7ರಲ್ಲಿ ಬಂದವು. ಪರಿಶೀಲಿಸಿದಾಗ ಸಾಚಾ ಆಗಿದ್ದವು ಬರೀ 24! ಪೊಲೀಸರಿಗೆ ದೂರು ಹೋಯಿತು. ಅಲ್ಲಿ ಅಧಿಕಾರಿಗಳು ಪರಿಶೀಲಿಸಿದ್ದರಿಂದ ಹೆಸರು ಉಳಿದವು. ವರ್ಷಗಟ್ಟಲೆ ಊರು ಬಿಟ್ಟವನ ಹೆಸರಿಗೆ "ಊರಲ್ಲಿಲ್ಲ" ಎಂಬ ಮಾತು ಬಲು ಬೇಗ ಅಂಟಿಕೊಳ್ಳುತ್ತದೆ. ಹಾಗೆ ಗುರುತು ಮಾಡಿದ ಪ್ರತ್ಯೇಕ ಪಟ್ಟಿ ಮತಗಟ್ಟೆಯಲ್ಲಿ ಇರುತ್ತದೆ. ಅದರಲ್ಲಿ ನಿಮ್ಮ ಹೆಸರಿದ್ದರೂ ಮತ ನಿರಾಕರಿಸುವಂತಿಲ್ಲ. ಗುರುತನ್ನು ಎಚ್ಚರದಿಂದ ನೋಡಿ ಬಿಡಬೇಕು.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಓದಿಗೆ, ಕೆಲಸಕ್ಕೆ ತಾತ್ಕಾಲಿಕವಾಗಿ ಹೊರಗಿದ್ದವನ ಊರಿನ ಮತ ಹೋಗುವುದಿಲ್ಲ. ಸಂಸಾರ ಸಮೇತ ಬೆಂಗಳೂರಲ್ಲೇ ನೆಲೆಸಿದ್ದರೆ ನಮೂನೆ-8ರಲ್ಲಿ ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಿ. ಎರಡು ದೋಣಿಯಲ್ಲಿ ಕಾಲಿಡಬೇಡಿ.

ಇದಕ್ಕೆಲ್ಲ ಗಡುವು ಇದೆ. 2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ಘೋಷಣೆ ಮಾರ್ಚ್ 16ಕ್ಕೆ. ಧಾರವಾಡ ಕ್ಷೇತ್ರಕ್ಕೆ ನಾಮಪತ್ರದ ಕೊನೆಯ ದಿನ ಏಪ್ರಿಲ್ 19. ಆ ದಿನದ ನಂತರ ಪಟ್ಟಿಗೆ ಯಾರೂ ಕೈ ಹಚ್ಚುವಂತಿಲ್ಲ. ಆಕ್ಷೇಪಣೆಗೆ, ವಿಚಾರಣೆಗೆ ಸಮಯ ಬೇಕಾದ್ದರಿಂದ ಅರ್ಜಿ ಅದಕ್ಕಿಂತ ಸುಮಾರು ಹತ್ತು ದಿನ ಮೊದಲೇ ಸೇರಬೇಕು. ಅಂದರೆ ಘೋಷಣೆಯಾದ ಮೇಲೆ ಕೈಯಲ್ಲಿ ಉಳಿದದ್ದು ಮೂರುವರೆ ವಾರ. ಮತದಾನದ ಹಿಂದಿನ ದಿನ ತಹಶೀಲ್ದಾರ ಕಚೇರಿಗೆ ಓಡಿದರೆ ಏನು ಫಲ?

ಇನ್ನು ದಾರಿ. ಅದೇ ಚುನಾವಣೆಯಲ್ಲಿ ಬೆಂಗಳೂರು ಮತ ಹಾಕಿದ್ದು ಏಪ್ರಿಲ್ 26, ಶುಕ್ರವಾರ. ಧಾರವಾಡ ಮತ ಹಾಕಿದ್ದು ಮೇ 7, ಮಂಗಳವಾರ. ಬೆಂಗಳೂರಿಗೆ ರಜೆ ಇದ್ದ ದಿನ ನಮ್ಮ ಹುಡುಗನಿಗೆ ಮತವಿಲ್ಲ. ಅವನಿಗೆ ಮತವಿದ್ದ ದಿನ ಬೆಂಗಳೂರಿಗೆ ರಜೆಯಿಲ್ಲ! ಆದರೆ ಕಾನೂನು ಅವನ ಕಡೆಗಿದೆ. ಪ್ರಜಾಪ್ರತಿನಿಧಿ ಕಾಯ್ದೆಯ 135-ಬಿ ಪ್ರಕಾರ ಅಂದು ಅವನಿಗೆ ಸಂಬಳ ಸಹಿತ ರಜೆ ಕೊಡಬೇಕು. ಊರಲ್ಲಿ ಮತವಿದ್ದು ಬೇರೆ ಊರಲ್ಲಿ ದುಡಿಯುವವನಿಗೂ, ದಿನಗೂಲಿಯವನಿಗೂ ಇದು ಸಲ್ಲುತ್ತದೆ. ಮಾಲೀಕನಿಗೆ ದಂಡ 500 ರೂಪಾಯಿವರೆಗೆ ಮಾತ್ರ. ಆದ್ದರಿಂದ ಕಾನೂನಿಗಿಂತ ಕಾಗದವನ್ನು ನಂಬಿ. ಎರಡು ವಾರ ಮೊದಲೇ, ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಪುಟವನ್ನು ಲಗತ್ತಿಸಿ, ರಜೆಯ ಅರ್ಜಿ ಬರೆದುಕೊಡಿ. ನೆನಪಿಡಿ, ಸಿಗುವ ರಜೆ ಒಂದೇ ದಿನದ್ದು, ಪ್ರಯಾಣದ ದಿನದ್ದಲ್ಲ.

ಅಣ್ಣಿಗೇರಿ ತಾಲ್ಲೂಕಿನ ಹಳ್ಳಿಯ ಹುಡುಗನೊಬ್ಬ ಸೋಮವಾರ ರಾತ್ರಿ ರೈಲು ಹತ್ತಿದ ಎಂದು ಇಟ್ಟುಕೊಳ್ಳಿ. ಬೆಳಿಗ್ಗೆ ಹುಬ್ಬಳ್ಳಿ ಸೇರುತ್ತಾನೆ. ಅಲ್ಲಿಂದ ಅಣ್ಣಿಗೇರಿ ಸುಮಾರು 35 ಕಿ.ಮೀ. ಇಲ್ಲಿಯತನಕ ತೊಂದರೆಯಿಲ್ಲ. ಅಣ್ಣಿಗೇರಿಯಿಂದ ತನ್ನ ಹಳ್ಳಿಗೆ ಹೋಗುವ ಬಸ್ಸೇ ಅಂದು ಬರುವುದಿಲ್ಲ! ಯಾಕೆ? ಮತಗಟ್ಟೆ ಸಿಬ್ಬಂದಿಯನ್ನು ಒಯ್ಯಲು ಸಾರಿಗೆ ಸಂಸ್ಥೆಯ ಬಸ್ಸುಗಳನ್ನು ಹಿಂದಿನ ದಿನದಿಂದಲೇ ಚುನಾವಣೆಗೆ ಹಚ್ಚಿರುತ್ತಾರೆ. ಮೊದಲು ಕಡಿತವಾಗುವುದು ಹಳ್ಳಿಯ ಓಡಾಟ. ಕೊನೆಯ ಹತ್ತು ಕಿ.ಮೀ.ಗೆ ಬೈಕು ತರುವ ತಮ್ಮನನ್ನೋ ಕಾಕಾನನ್ನೋ ಮೊದಲೇ ಹೇಳಿಟ್ಟಿರಬೇಕು. ಅಭ್ಯರ್ಥಿಯ ಕಡೆಯವರ ಗಾಡಿ ಹತ್ತಬೇಡಿ. ಮತದಾರರನ್ನು ಪುಕ್ಕಟೆ ಸಾಗಿಸುವುದು ಅಪರಾಧ. ಹೋಗುವ ಬರುವ ಟಿಕೆಟನ್ನು ಚುನಾವಣೆ ಘೋಷಣೆಯಾದ ದಿನವೇ ಮಾಡಿಸಿ. ಘೋಷಣೆಗೂ ಮೇ 7ಕ್ಕೂ ನಡುವೆ 52 ದಿನ ಇದ್ದವು. ರೈಲಿನ ಮುಂಗಡ ಟಿಕೆಟು ಈಗ 60 ದಿನ ಮೊದಲೇ ತೆರೆಯುತ್ತದೆ.

ಅಂದು ಮತದಾನ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಇತ್ತು. ತಡವಾಗಿ ಬಂದರೂ 6ರೊಳಗೆ ಸಾಲಿನಲ್ಲಿ ನಿಂತರೆ ಸಾಕು. ಆಗ ಅಧಿಕಾರಿ ಸಾಲಿನ ಕಟ್ಟಕಡೆಯವನಿಂದ ಶುರುಮಾಡಿ ಚೀಟಿ ಹಂಚುತ್ತಾ ಬರಬೇಕು. ಚೀಟಿ ಸಿಕ್ಕವರೆಲ್ಲರೂ, ರಾತ್ರಿಯಾದರೂ, ಮತ ಹಾಕಬಹುದು. 6 ಗಂಟೆ 1 ನಿಮಿಷಕ್ಕೆ ಬಂದವನಿಗೆ ಇಲ್ಲ.

ಒಳಗೆ ಹೋದಾಗ "ನಿನ್ನ ಓಟು ಆಗಲೇ ಬಿದ್ದೈತಿ ತಮ್ಮಾ" ಎಂದರೆ ತಲೆ ಬಗ್ಗಿಸಿ ಹಿಂದಿರುಗಬೇಡಿ. ಗುರುತು ತೋರಿಸಿ, ಟೆಂಡರ್ ಮತ ಕೇಳಿ. ಯಂತ್ರದಲ್ಲಲ್ಲ, ಕಾಗದದ ಮತಪತ್ರದಲ್ಲಿ ಗುರುತು ಮಾಡಿ ಕೊಡುತ್ತೀರಿ; ಅದನ್ನು ಲಕೋಟೆಯಲ್ಲಿ ಬೇರೆಯಾಗಿ ಇಡುತ್ತಾರೆ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ. ಆದರೆ ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ ಕಳ್ಳ ಮತಕ್ಕೆ ಅದೇ ಸಾಕ್ಷಿ.

ಇಂದು ರಾತ್ರಿ ಊಟಕ್ಕೆ ಕೂರುವ ಮುಂಚೆ ನಿಮ್ಮ ಚೀಟಿಯ ಸಂಖ್ಯೆ ಹಾಕಿ ನೋಡಿ. ಸಿಗದಿದ್ದರೆ 1950ಕ್ಕೆ ಫೋನು ಮಾಡಿ. ಆಮೇಲೆ ಊರಿಗೆ ಫೋನು ಹಚ್ಚಿ, ಅವ್ವನ ಹೆಸರನ್ನೂ ನೋಡಿ ಹೇಳಿ.

ಸಿರಿಗನ್ನಡಂ ಗೆಲ್ಗೆ!