ಹಿಮೋಗ್ಲೋಬಿನ್ ನಾರ್ಮಲ್ ಅಂತೆ!

ಹುಡುಗಿಯೊಬ್ಬಳು ಕೂದಲು ಉದುರ್ತಿದೆ ಅಂದ ತಕ್ಷಣ ನಮ್ಮಲ್ಲಿ ಎಲ್ಲರೂ ತಜ್ಞರು. ಬೋರ್‌ವೆಲ್ ನೀರು ಸರಿಯಿಲ್ಲ, ಈರುಳ್ಳಿ ಎಣ್ಣೆ ಹಚ್ಚು, ಬಯೋಟಿನ್ ನುಂಗು. ಮುಟ್ಟು ಎಷ್ಟು ದಿನ ಇರುತ್ತೆ, ಎಷ್ಟು ರಕ್ತ ಹೋಗುತ್ತೆ ಅಂತ ಮಾತ್ರ ಯಾರೂ ಕೇಳಲ್ಲ.

ನನ್ನ ಚಿಕ್ಕಮ್ಮನ ಮಗಳಿಗೆ 26 ವರ್ಷ. ತಿಂಗಳಿಗೆ ಎಂಟು ದಿನ ಬ್ಲೀಡಿಂಗ್, ಮೊದಲೆರಡು ದಿನ ಎರಡು ಗಂಟೆಗೊಂದು ಪ್ಯಾಡ್, ಜೊತೆಗೆ ದೊಡ್ಡ ದೊಡ್ಡ ಗಡ್ಡೆ. 'ನಮ್ಮನೆ ಹೆಣ್ಮಕ್ಳಿಗೆಲ್ಲ ಹಂಗೇ' ಅಂತ ಚಿಕ್ಕಮ್ಮ ಸುಮ್ಮನಾದರು. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಹಿಮೋಗ್ಲೋಬಿನ್ 12.1. ಮೆಟ್ಟಿಲು ಹತ್ತಿದ್ರೆ ಏದುಸಿರು, ಬಾಚಣಿಗೆ ತುಂಬ ಕೂದಲು, ರಿಪೋರ್ಟ್ ಮಾತ್ರ ನಾರ್ಮಲ್! ಕೊನೆಗೆ ಒಬ್ಬ ಡಾಕ್ಟರ್ ಫೆರಿಟಿನ್ ಟೆಸ್ಟ್ ಬರೆದುಕೊಟ್ಟರು. ಬಂದದ್ದು 8.

ಫೆರಿಟಿನ್ ಕಣಜದ ಲೆಕ್ಕ, ಹಿಮೋಗ್ಲೋಬಿನ್ ಅಡುಗೆಮನೆ ಡಬ್ಬಿಯದು. ದೇಹ ಕಣಜ ಬಳಿದು ಬಳಿದು ಡಬ್ಬಿ ತುಂಬಿಸುತ್ತೆ, ಡಬ್ಬಿ ಇಳಿಯೋದು ಕೊನೇಲಿ. ಫೆರಿಟಿನ್ 15ಕ್ಕಿಂತ ಕೆಳಗಿದ್ರೆ ಕಣಜ ಖಾಲಿ ಅಂತಲೇ ಲೆಕ್ಕ, ಎಷ್ಟೋ ವೈದ್ಯರು 30ಕ್ಕೇ ಎಚ್ಚರಿಸ್ತಾರೆ. ಜ್ವರ, ಸೋಂಕು ಇದ್ದಾಗ ಮಾತ್ರ ಈ ಅಂಕಿ ಸುಳ್ಳಾಗಿ ಏರಿರುತ್ತೆ.

ಬೀಟ್‌ರೂಟ್ ಜ್ಯೂಸ್ ಸಾಕಲ್ವಾ ಅನ್ನೋರಿಗೆ ಒಂದು ಲೆಕ್ಕ. 100 ಮಿಲಿ ರಕ್ತ ಹೋದ್ರೆ ಸುಮಾರು 40 ಮಿಲಿಗ್ರಾಂ ಕಬ್ಬಿಣ ಹೋದಂತೆ. ಊಟದಿಂದ ದಿನಕ್ಕೆ ಮೈಗೆ ಹತ್ತೋದೇ ಒಂದೆರಡು ಮಿಲಿಗ್ರಾಂ, ಅದರಲ್ಲಿ ಸುಮಾರು ಒಂದು ದಿನದ ಸವೆತಕ್ಕೇ ಸರಿ. ಉಳಿದದ್ದರಲ್ಲಿ ಕಣಜ ತುಂಬೋದು ಹೇಗೆ?

ಅವಳಿಗೆ ಡಾಕ್ಟರ್ ಕೊಟ್ಟದ್ದು ದಿನ ಬಿಟ್ಟು ದಿನ ಒಂದು ಐರನ್ ಮಾತ್ರೆ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರಿ, ಸುಮಾರು ಒಂದು ದಿನ ಕರುಳಿನ ಬಾಗಿಲನ್ನ ಅರ್ಧ ಮುಚ್ಚುತ್ತೆ. ಹಾಗಾಗಿ ಎರಡರಷ್ಟು ನುಂಗಿದ್ರೆ ಎರಡರಷ್ಟು ಸೇರುತ್ತೆ ಅನ್ನೋದು ಸುಳ್ಳು, ಹೊಟ್ಟೆ ಕೆಡೋ ಸಾಧ್ಯತೆ ಮಾತ್ರ ಜಾಸ್ತಿ. ಖಾಲಿ ಹೊಟ್ಟೆಗೆ ನಿಂಬೆ ನೀರಿನ ಜೊತೆ ತಗೋಬೇಕು, ಕಾಫಿ, ಹಾಲು ಒಂದೆರಡು ಗಂಟೆ ದೂರ. (ಫಿಲ್ಟರ್ ಕಾಫಿ ಮನೇಲಿ ಇದೇ ಕಷ್ಟದ ಭಾಗ.) ಮಲ ಕಪ್ಪಗಾಗೋದು ಮಾತ್ರೆಯಿಂದ, ಗಾಬರಿ ಬೇಡ.

ಮೂರು ತಿಂಗಳಿಗೆ ಹಿಮೋಗ್ಲೋಬಿನ್ 13 ಆಯ್ತು. 'ಸಾಕು ಬಿಡು, ಉಷ್ಣ ಆಗುತ್ತೆ' ಅಂದ್ರು ಚಿಕ್ಕಮ್ಮ. ಬಹಳ ಜನ ನಿಲ್ಲಿಸೋದು ಇಲ್ಲೇ. ಅವತ್ತು ಫೆರಿಟಿನ್ ಇನ್ನೂ 19. ಮತ್ತೆ ಮೂರು ತಿಂಗಳು ನುಂಗಿದ ಮೇಲೆ 46. ಕೂದಲು ಉದುರೋದು ಕಮ್ಮಿಯಾಗಿದ್ದು ನಾಲ್ಕನೇ ತಿಂಗಳಲ್ಲಿ, ಅದೂ ನಿಧಾನವಾಗಿ. ಎಲ್ಲರ ಕೂದಲಿಗೂ ಕಬ್ಬಿಣವೇ ಕಾರಣ ಅಲ್ಲ, ಅವಳಿಗೆ ಥೈರಾಯ್ಡ್ ಕೂಡ ನೋಡಿಸಿದ್ವಿ.

ತೂತು ಮುಚ್ಚದೆ ಕಣಜ ತುಂಬಿ ಏನು ಪ್ರಯೋಜನ? ಸ್ಕ್ಯಾನ್‌ನಲ್ಲಿ ಫೈಬ್ರಾಯ್ಡ್ ಕಾಣಲಿಲ್ಲ. ಬ್ಲೀಡಿಂಗ್ ದಿನಗಳಿಗೆ ಡಾಕ್ಟರ್ ಟ್ರಾನೆಕ್ಸಾಮಿಕ್ ಆ್ಯಸಿಡ್ ಬರೆದರು, ಪ್ಯಾಡ್ ಅರ್ಧಕ್ಕಿಳಿಯಿತು. ಇನ್ನು 'ನಮ್ಮನೆ ಹೆಣ್ಮಕ್ಳಿಗೆಲ್ಲ ಹಂಗೇ' ಅನ್ನೋ ಮಾತು. ಮೊದಲ ಮುಟ್ಟಿನಿಂದಲೇ ಹೀಗಿದ್ರೆ, ಅಮ್ಮನಿಗೂ ಹೀಗಿದ್ರೆ, ರಕ್ತ ಸರಿಯಾಗಿ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ಅನ್ನೋ ಅನುವಂಶಿಕ ಕಾಯಿಲೆ ಇದೆಯಾ ಅಂತ ನೋಡಲೇಬೇಕು. ಸುಮ್ಮನಿರೋಕೆ ಹೇಳಿದ ಕಾರಣವೇ ಟೆಸ್ಟ್ ಮಾಡಿಸೋಕೆ ಕಾರಣ.

26ರ ಹುಡುಗಿಗೆ ಕೊಲೆಸ್ಟ್ರಾಲ್ ನೋಡಿ ಫೆರಿಟಿನ್ ಬಿಡೋ ಆ ಚೆಕಪ್ ಪ್ಯಾಕೇಜನ್ನ ಆರಿಸಿದವರು ಯಾರು ಅಂತ ನಿಮ್ಮ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ನೋಡಿ.