ಶನಿವಾರ ಕೆಲಸದ ದಿನವೇ?

ಸಿರವಾರದ ದಂಪತಿಗಳು ಹೊಸದಾಗಿ ಜರ್ಮನಿ ಸೇರಿದ ಮಗನ ಮನೆಗೆ ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಶನಿವಾರ ಬೆಳಿಗ್ಗೆ 10 ಗಂಟೆ 10 ನಿಮಿಷ. ಮಗ ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಾನೆ. ಅಲ್ಲಿ ಕಾರು ನಡೆಸುವವರು ಮೊಬೈಲ್ ಕೈಯಲ್ಲಿ ಹಿಡಿಯುವುದು ಅಪರಾಧ. ಆದ್ದರಿಂದ ಪಕ್ಕದಲ್ಲಿ ಕುಳಿತ ಅಪ್ಪ ಕಿಟಕಿಯಿಂದಲೇ ರಸ್ತೆಬದಿಯ ಫಲಕದ ಫೋಟೊ ತೆಗೆದು, ಅನುವಾದಿಸಲು ಯಂತ್ರಕ್ಕೆ ಕೊಡುತ್ತಾರೆ.

ಮೊದಲ ತೊಡಕು ಇಲ್ಲೇ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಕ್ಯಾಮೆರಾದ ಕಿಂಡಿ ಸೆಕೆಂಡಿನ ಐವತ್ತನೇ ಒಂದು ಭಾಗ ತೆರೆದಿದ್ದರೂ ಅಷ್ಟರಲ್ಲಿ ಕಾರು 28 ಸೆಂಟಿಮೀಟರ್ ಸರಿದಿರುತ್ತದೆ. ಫಲಕದ ಅಕ್ಷರಗಳ ಎತ್ತರ ಕೆಲವೇ ಸೆಂಟಿಮೀಟರ್. ಹೀಗಾಗಿ ಅವು ಒಂದರ ಮೇಲೊಂದು ಬಳಿದಂತಾಗಿ, 8 ಅಂಕಿ 3 ಆಗಿಯೂ ಕಾಣಬಹುದು. ಯಂತ್ರ ಮೊದಲು ಅಕ್ಷರ ಗುರುತಿಸುತ್ತದೆ, ಆಮೇಲೆ ಅನುವಾದಿಸುತ್ತದೆ. ಓದಿನಲ್ಲಾದ ತಪ್ಪು ಅನುವಾದದಲ್ಲಿ ತಿದ್ದಿಹೋಗುವುದಿಲ್ಲ. ಕಾರು ನಿಲ್ಲಿಸಿ ಇಳಿದು ತೆಗೆದ ಫೋಟೊವೇ ವಾಸಿ.

ಇಳಿದು ತೆಗೆದರೆನ್ನಿ. ನೀಲಿ ಫಲಕದಲ್ಲಿ ಬಿಳಿಯ 'ಪಿ' ಅಕ್ಷರ. ಅದರ ಕೆಳಗೆ ಗಡಿಯಾರದಂಥ ಬಿಲ್ಲೆಯ ಚಿತ್ರ, '2 ಗಂಟೆ' ಎಂಬ ಸೂಚನೆ, ಮತ್ತೆ 'ವೆರ್ಕ್‌ಟಾಗ್ಸ್ 8–18'. ಯಂತ್ರ ಈ ಪದವನ್ನು 'ವಾರದ ದಿನಗಳು' ಎನ್ನುತ್ತದೆ. ಜರ್ಮನ್‌ನಿಂದ ಕನ್ನಡಕ್ಕೆ ಬರುವಾಗ ಹಲವು ಯಂತ್ರಗಳು ನಡುವೆ ಇಂಗ್ಲಿಷನ್ನು ಹಾದು ಬರುತ್ತವೆ. ಇಂಗ್ಲಿಷಿನ 'ವೀಕ್‌ಡೇ' ಎಂದರೆ ಸೋಮವಾರದಿಂದ ಶುಕ್ರವಾರ. 'ಇವತ್ತು ಶನಿವಾರ, ನಿರ್ಬಂಧವಿಲ್ಲ' ಎಂದು ಅಪ್ಪ ಹೇಳುತ್ತಾರೆ. ಮಧ್ಯಾಹ್ನ ಬಂದು ನೋಡಿದರೆ ಗಾಜಿನ ಮೇಲೆ ದಂಡದ ಚೀಟಿ!

ಏಕೆಂದರೆ ಜರ್ಮನಿಯ ಫಲಕಗಳಲ್ಲಿ ವೆರ್ಕ್‌ಟಾಗ್ ಎಂದರೆ ಭಾನುವಾರ ಮತ್ತು ರಜಾದಿನ ಬಿಟ್ಟು ಉಳಿದ ದಿನಗಳು; ಶನಿವಾರವೂ ಅದರಲ್ಲಿ ಸೇರಿದೆ. ಶನಿವಾರ ಬೆಳಗಿನ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಶುಕ್ರವಾರಕ್ಕೇ ಮುಗಿಯುವ ನಿರ್ಬಂಧವಾದರೆ ಫಲಕದಲ್ಲಿ 'ಮೊ–ಫ್ರ' ಎಂಬ ವಾರಗಳ ಮೊದಲ ಅಕ್ಷರಗಳಿರುತ್ತವೆ.

ಬಿಲ್ಲೆಯ ಚಿತ್ರವನ್ನಂತೂ ಯಂತ್ರ ಅನುವಾದಿಸುವುದೇ ಇಲ್ಲ. ಅದು ರಟ್ಟಿನ ಬಿಲ್ಲೆ. ಬಂದ ಸಮಯಕ್ಕೆ ಮುಂದಿನ ಅರ್ಧಗಂಟೆಯ ಗೆರೆಗೆ ಅದರ ಬಾಣ ತಿರುಗಿಸಿ ಗಾಜಿನೊಳಗೆ ಇಡಬೇಕು. 10.10ಕ್ಕೆ ಬಂದವರು 10.30ಕ್ಕೆ ತಿರುಗಿಸುತ್ತಾರೆ, 12.30ರವರೆಗೆ ನಿಲ್ಲಿಸಬಹುದು. ಇಪ್ಪತ್ತು ನಿಮಿಷ ಲಾಭ!

ಸ್ವೀಡನ್ನಿನಲ್ಲಿ ಇನ್ನೂ ಮೋಜು. ಅಲ್ಲಿನ ಎಷ್ಟೋ ಫಲಕಗಳಲ್ಲಿ ದಿನಗಳ ಹೆಸರೇ ಇರುವುದಿಲ್ಲ. ಕಪ್ಪು ಅಂಕಿಗಳು ಸೋಮವಾರದಿಂದ ಶುಕ್ರವಾರಕ್ಕೆ, ಕಂಸದೊಳಗಿನವು ಶನಿವಾರಕ್ಕೆ ಮತ್ತು ಹಬ್ಬದ ಹಿಂದಿನ ದಿನಕ್ಕೆ, ಕೆಂಪು ಅಂಕಿಗಳು ಭಾನುವಾರಕ್ಕೆ ಮತ್ತು ರಜೆಗೆ. ಅನುವಾದಿಸಲು ಪದವೇ ಇಲ್ಲದಿರುವಾಗ ಯಂತ್ರ ಅಂಕಿಗಳನ್ನು ಇದ್ದಂತೆಯೇ ಬಿಡುತ್ತದೆ. ಆಗ ನೋಡಬೇಕಾದದ್ದು ಮೂಲ ಫೋಟೊದ ಬಣ್ಣವನ್ನು, ಕಂಸವನ್ನು.